ಒಂದೇ ಕಾರ್ಯಕ್ರಮ, ಮೂರು ಬರಹ: ಕೆಸರುಗದ್ದೆ ಆಟದ ಸುದ್ದಿನ ಎಕ್ಸ್, ಇನ್‌ಸ್ಟಾ, ಫ್ಯಾಮಿಲಿ ಗ್ರೂಪಿಗೆ ಹೇಗೆ ಬರೆಯೋದು

ಜುಲೈ ಬಂತು ಅಂದ್ರೆ ಕೊಡಗಿನ ಊರೂರಲ್ಲಿ ಸಂಘದವರು ಕೆಸರುಗದ್ದೆ ಕ್ರೀಡಾಕೂಟದ ಕರಪತ್ರ ಮಾಡಿಸ್ತಾರೆ, ಅದೇ ಕರಪತ್ರದ ಫೋಟೊನ ಎಕ್ಸ್‌ಗೂ ಹಾಕ್ತಾರೆ, ಇನ್‌ಸ್ಟಾಗೂ ಹಾಕ್ತಾರೆ, ಫ್ಯಾಮಿಲಿ ಗ್ರೂಪಿಗೂ ಬಿಡ್ತಾರೆ, ಆಮೇಲೆ ಫೋನ್ ಮೇಲೆ ಫೋನ್ ಬರುತ್ತೆ. ಎಷ್ಟೊತ್ತಿಗೆ ಶುರು, ಯಾವ ಶಾಲೆ ಹತ್ರ, ಹೊರಗಿನವರು ಆಡಬಹುದಾ, ಊಟ ಇದ್ಯಾ. ಇದೆಲ್ಲ ಕರಪತ್ರದಲ್ಲಿ ಇದ್ದೇ ಇರುತ್ತೆ, ಆದ್ರೆ ಅಧ್ಯಕ್ಷರು, ಮುಖ್ಯ ಅತಿಥಿಗಳು, ಉಪಸ್ಥಿತರು ಎಲ್ಲಾ ಮುಗಿದ ಮೇಲೆ ಕೆಳಗಡೆ ಸಣ್ಣ ಅಕ್ಷರದಲ್ಲಿ ಇರುತ್ತೆ, ಮೊಬೈಲಲ್ಲಿ ಅಲ್ಲಿವರೆಗೆ ಯಾರು ಜೂಮ್ ಮಾಡಿ ನೋಡ್ತಾರೆ ಹೇಳಿ.

ಮೂರು ಕಡೆ ಹಾಕೋದು ಅಂದ್ರೆ ಒಂದೇ ಬರಹನ ಮೂರು ಅಳತೆಗೆ ಕತ್ತರಿಸೋದಲ್ಲ. ಎಕ್ಸಲ್ಲಿ ಓದೋರು ಅಪರಿಚಿತರು, ಇನ್‌ಸ್ಟಾದಲ್ಲಿ ಇರೋರು ಫೋಟೊ ನೋಡ್ತಾ ಬೆರಳು ಸರಿಸ್ಕೊಂಡು ಹೋಗೋರು, ಫ್ಯಾಮಿಲಿ ಗ್ರೂಪಲ್ಲಿ ಇರೋದು ನಿಮ್ಮ ದೊಡ್ಡಪ್ಪ, ಚಿಕ್ಕಮ್ಮ, ಬೆಂಗಳೂರಲ್ಲಿರೋ ಅಣ್ಣ ಅತ್ತಿಗೆ. ಮೂರೂ ಜನದ ಮನಸ್ಸಲ್ಲಿ ಇರೋ ಪ್ರಶ್ನೆ ಬೇರೆ ಬೇರೆ, ಹಂಗಾಗಿ ಉತ್ತರಾನೂ ಬೇರೆ ಇರ್ಬೇಕು. ಒಂದು ಉದಾಹರಣೆ ಇಟ್ಕೊಂಡು ಮಾಡೋಣ: ಮೂರ್ನಾಡು ಕಡೆಯ ಒಂದು ಊರು, ಅಲ್ಲಿನ ಯುವಕರ ಸಂಘ, 2026ರ ಆಗಸ್ಟ್ 2, ಭಾನುವಾರ ಕೆಸರುಗದ್ದೆ ಕ್ರೀಡಾಕೂಟ. ಊರು, ಗದ್ದೆ, ಸಂಘ ಎಲ್ಲಾ ಉದಾಹರಣೆಗೆ ಅಂತ ತಗೊಂಡಿದ್ದು, ನಿಮ್ಮೂರಿನದ್ದು ಹಾಕ್ಕೊಳ್ಳಿ.

ಮೊದಲು ಒಂದು ಚೀಟಿ

ಯಾವ ಆ್ಯಪ್ ತೆರೆಯೋ ಮುಂಚೆನೂ ಮೊಬೈಲಿನ ನೋಟ್ಸಲ್ಲಿ ಒಂದು ಚೀಟಿ ಮಾಡ್ಕೊಳ್ಳಿ. ಇದನ್ನ ಎಲ್ಲೂ ಹಾಕೋದಿಲ್ಲ, ಆದ್ರೆ ಮೂರೂ ಬರಹ ಹುಟ್ಟೋದು ಇದರಿಂದ. ವಾಕ್ಯ ಬೇಡ, ಬರೀ ಸಂಗತಿ ಸಾಕು.

> ಏನು: ಕೆಸರುಗದ್ದೆ ಕ್ರೀಡಾಕೂಟ – ಹಗ್ಗಜಗ್ಗಾಟ, ನಾಟಿ ಓಟ, ಮಕ್ಕಳ ಓಟ
> ಯಾವಾಗ: ಆಗಸ್ಟ್ 2, ಭಾನುವಾರ, ಬೆಳಿಗ್ಗೆ 9. ಮಕ್ಕಳ ಓಟ ಮೊದಲು, ಹಗ್ಗಜಗ್ಗಾಟ ಊಟ ಆದ್ಮೇಲೆ
> ಎಲ್ಲಿ: ಮೂರ್ನಾಡು-ನಾಪೋಕ್ಲು ರಸ್ತೆ, ಸರ್ಕಾರಿ ಶಾಲೆ ಹಿಂದಿನ ಗದ್ದೆ
> ಯಾರಿಗೆ: ಎಲ್ಲರಿಗೂ. ಶುಲ್ಕ ಇಲ್ಲ
> ಏನು ಮಾಡ್ಬೇಕು: ಹಗ್ಗಜಗ್ಗಾಟದ ತಂಡ ಜುಲೈ 29, ಬುಧವಾರದೊಳಗೆ ಹೆಸರು ಕೊಡಬೇಕು
> ಊಟ: ಇದೆ, ಮಧ್ಯಾಹ್ನ 1ಕ್ಕೆ
> ಮಳೆ: ಮಳೆ ಬಂದ್ರೂ ಆಟ ಇದೆ. ರೆಡ್ ಅಲರ್ಟ್ ಇದ್ರೆ ಮುಂದಕ್ಕೆ, ಶನಿವಾರ ಸಂಜೆ 6ಕ್ಕೆ ತೀರ್ಮಾನ

ಇಲ್ಲಿ ಎರಡು ವಿಷಯ ಗಮನಿಸಿ. ಒಂದು, ತಾರೀಕು ಇದ್ದಲ್ಲೆಲ್ಲ ವಾರಾನೂ ಇದೆ, ಕ್ಯಾಲೆಂಡರ್ ತೆಗೆದು ಎರಡೂ ತಾಳೆ ಆಗುತ್ತಾ ಅಂತ ನೋಡಿನೇ ಬರೀಬೇಕು. ತಾರೀಕಲ್ಲಿ ಒಂದಂಕಿ ತಪ್ಪಾದ್ರೆ ವಾರ ಅದನ್ನ ಹಿಡಿದು ಕೊಡುತ್ತೆ. "ಈ ಭಾನುವಾರ", "ನಾಡಿದ್ದು" ಅಂತ ಬರೆಯೋದಂತೂ ಬೇಡವೇ ಬೇಡ, ಯಾಕಂದ್ರೆ ಫಾರ್ವರ್ಡ್ ಆಗಿ ಒಂದು ವಾರ ಕಳೆದ್ಮೇಲೆ ಯಾರೋ ಓದ್ತಾರೆ, ಅವರ "ಈ ಭಾನುವಾರ" ನಿಮ್ಮದಲ್ಲ. ಎರಡು, ಮಳೆ ಸಾಲು. ಆಗಸ್ಟ್ ಶುರುವಲ್ಲಿ ಕೊಡಗಲ್ಲಿ ಕಾರ್ಯಕ್ರಮ ಇಟ್ಮೇಲೆ ಎಲ್ಲರ ತಲೆಯಲ್ಲೂ ಬರೋ ಮೊದಲ ಪ್ರಶ್ನೆ ಅದೇ, ಅದಕ್ಕೆ ಉತ್ತರ ಇಲ್ದೇ ಸುದ್ದಿ ಹಾಕಿದ್ರೆ ಬರೋ ಮನಸ್ಸಿದ್ದವರೂ ಶನಿವಾರ ರಾತ್ರಿ ಮಳೆ ಸದ್ದು ಕೇಳಿ "ಇರ್ಲಿಕ್ಕಿಲ್ಲ ಬಿಡು" ಅಂತ ಮಲಗಿಬಿಡ್ತಾರೆ.

ಎಕ್ಸ್‌ಗೆ: 280 ಅಂದ್ರೆ ಎಷ್ಟು

ದುಡ್ಡು ಕೊಡದ ಅಕೌಂಟಿಗೆ ಒಂದು ಪೋಸ್ಟಲ್ಲಿ 280 ಕ್ಯಾರೆಕ್ಟರ್ ಅನ್ನೋದು ಎಲ್ಲರಿಗೂ ಗೊತ್ತು, ಆದ್ರೆ ಕನ್ನಡದಲ್ಲಿ ಬರೆಯೋರು ಇಲ್ಲೇ ಎಡವೋದು. ನಾವು ಒಂದಕ್ಷರ ಅಂತ ನೋಡೋದು ಅದರ ಲೆಕ್ಕದಲ್ಲಿ ಒಂದಲ್ಲ. "ಕ್ರೀ" ತಗೊಳ್ಳಿ, ಕಣ್ಣಿಗೆ ಒಂದೇ ಅಕ್ಷರ, ಲೆಕ್ಕಕ್ಕೆ ನಾಲ್ಕು: ಕ ಒಂದು, ಅದನ್ನ ಅರ್ಧ ಮಾಡೋ ಚಿಹ್ನೆ ಒಂದು, ರ ಒಂದು, ದೀರ್ಘ ಒಂದು. "ಕ್ರೀಡಾಕೂಟ" ಅಂತ ಬರೆದ್ರೆ ನಮಗೆ ನಾಲ್ಕಕ್ಷರ, ಅದಕ್ಕೆ ಒಂಬತ್ತು. ಒತ್ತಕ್ಷರ, ಗುಣಿತ ಜಾಸ್ತಿ ಇದ್ದಷ್ಟೂ ಬೇಗ ಖಾಲಿ ಆಗುತ್ತೆ, ಹಂಗಾಗಿ "ಹಮ್ಮಿಕೊಳ್ಳಲಾಗಿದೆ", "ಪ್ರಾರ್ಥಿಸಿಕೊಳ್ಳುತ್ತೇವೆ" ತರದ ಪದಗಳು ಇಲ್ಲಿ ತುಂಬಾ ದುಬಾರಿ, ಹೇಳೋದೂ ಏನೂ ಇಲ್ಲ. ಇಮೋಜಿ ಒಂದಕ್ಕೆ ಎರಡು ಹೋಗುತ್ತೆ. ಲಿಂಕ್ ಎಷ್ಟೇ ಉದ್ದ ಇರ್ಲಿ ಗಿಡ್ಡ ಇರ್ಲಿ 23 ಅಂತನೇ ಎಣಿಸ್ತಾರೆ, ಹಾಗಾಗಿ ಲಿಂಕ್ ಗಿಡ್ಡ ಮಾಡೋ ಸೈಟಿಗೆ ಹೋಗಿ ಕಷ್ಟಪಡೋದು ಬೇಡ.

ಓದೋರು ಅಪರಿಚಿತರು ಅಂದೆ. ಅವರಿಗೆ ನಿಮ್ಮ ಸಂಘದ ಹೆಸರು ಗೊತ್ತಿಲ್ಲ, ಊರೂ ಗೊತ್ತಿಲ್ದೇ ಇರಬಹುದು. ಅವರ ಪ್ರಶ್ನೆ ಎರಡೇ: ನಾನು ಬರಬಹುದಾ, ಬರೋದಾದ್ರೆ ಎಲ್ಲಿಗೆ ಯಾವಾಗ. ಹಂಗಾಗಿ ಸಂಘದ ಹೆಸರು, ಎಷ್ಟನೇ ವರ್ಷ, ಅತಿಥಿಗಳು ಎಲ್ಲಾ ಹೋಗ್ಲಿ, ಉಳಿಯೋದು ಇಷ್ಟು:

> ಕೆಸರುಗದ್ದೆ ಕ್ರೀಡಾಕೂಟ
> ಆಗಸ್ಟ್ 2, ಭಾನುವಾರ, ಬೆಳಿಗ್ಗೆ 9ಕ್ಕೆ
> ಮೂರ್ನಾಡು-ನಾಪೋಕ್ಲು ರಸ್ತೆ, ಸರ್ಕಾರಿ ಶಾಲೆ ಹಿಂದಿನ ಗದ್ದೆ
> ಹಗ್ಗಜಗ್ಗಾಟ, ನಾಟಿ ಓಟ, ಮಕ್ಕಳ ಓಟ. ಯಾರು ಬೇಕಾದ್ರೂ ಬರಬಹುದು, ಶುಲ್ಕ ಇಲ್ಲ.
> ತಂಡದ ಹೆಸರು ಜುಲೈ 29ರೊಳಗೆ ಕೊಡಿ: [ಫಾರ್ಮ್ ಲಿಂಕ್]
> ರೆಡ್ ಅಲರ್ಟ್ ಇದ್ರೆ ಶನಿವಾರ ಸಂಜೆ ತಿಳಿಸ್ತೀವಿ.
> #ಕೊಡಗು

ಲಿಂಕಿನ 23 ಸೇರಿಸಿ ಇದು ಸುಮಾರು 275 ಆಗುತ್ತೆ, ಅಂದ್ರೆ ಹೆಚ್ಚೂಕಮ್ಮಿ ತುಂಬ್ತು. ಒಂದಿಮೋಜಿಗೆ ಜಾಗ ಇದೆ, ಇನ್ನೊಂದು ವಾಕ್ಯಕ್ಕೆ ಇಲ್ಲ. ಊಟದ ವಿಷಯ ಬಿಟ್ಟಿದೀವಿ ನೋಡಿ, ಬೇಕಂತಲೇ ಬಿಟ್ಟಿದ್ದು. ಊಟ ಇದೆ ಅಂತ ಗೊತ್ತಿಲ್ದಿದ್ರೂ ಬರೋರು ಬರ್ತಾರೆ, ಮಳೆಗೆ ಏನು ಮಾಡ್ತೀರಿ ಅಂತ ಗೊತ್ತಿಲ್ದಿದ್ರೆ ಬರಲ್ಲ, ಹಂಗಾಗಿ ಎರಡರಲ್ಲಿ ಒಂದು ಆರಿಸೋದಾದ್ರೆ ಮಳೆ ಸಾಲೇ ಉಳೀಬೇಕು. ಜಾಗ ಸಾಲ್ದಿದ್ರೆ ಮೊದಲು ಕಳಿಯೋದು ಹ್ಯಾಶ್‌ಟ್ಯಾಗ್, ಆಮೇಲೆ ಆಟಗಳ ಪಟ್ಟಿಲಿ ಒಂದೆರಡು, ತಾರೀಕು ಮತ್ತೆ ಜಾಗ ಯಾವತ್ತೂ ಮುಟ್ಟಬಾರದು.

ಫೋನ್ ನಂಬರ್ ಬದಲು ಫಾರ್ಮ್ ಲಿಂಕ್ ಹಾಕಿರೋದಕ್ಕೂ ಕಾರಣ ಇದೆ. ಎಕ್ಸ್ ಅಂದ್ರೆ ಬೀದಿ, ಅಲ್ಲಿ ಸಂಘದ ಹುಡುಗೀರ ನಂಬರ್ ಹಾಕಿದ್ರೆ ಕ್ರೀಡಾಕೂಟ ಮುಗಿದು ಎಷ್ಟೋ ತಿಂಗಳಾದ್ರೂ ಗುರುತಿಲ್ದವರ ಕಾಲ್ ಬರ್ತಾನೇ ಇರುತ್ತೆ. ಫಾರ್ಮಲ್ಲಿ ತಂಡದ ಹೆಸರು, ಒಬ್ಬರ ನಂಬರ್, ಎಷ್ಟು ಜನ, ಮೂರೇ ಪ್ರಶ್ನೆ ಸಾಕು.

ಇನ್‌ಸ್ಟಾ ಕ್ಯಾಪ್ಶನ್: ಫೋಟೊ ಮುಂದೆ, ಮಾತು ಹಿಂದೆ

ಇಲ್ಲಿ ಜಾಗದ ತೊಂದರೆ ಇಲ್ಲ, ಕ್ಯಾಪ್ಶನ್ 2,200 ಕ್ಯಾರೆಕ್ಟರ್‌ವರೆಗೆ ಹೋಗುತ್ತೆ. ತೊಂದರೆ ಏನಪ್ಪಾ ಅಂದ್ರೆ ಫೀಡಲ್ಲಿ ಕಾಣೋದು ಮೊದಲ ಒಂದೆರಡು ಸಾಲು ಮಾತ್ರ, ಉಳಿದಿದ್ದು "ಮೋರ್" ಒತ್ತಿದ್ರೆ ಕಾಣುತ್ತೆ, ಒತ್ತೋರು ಕಮ್ಮಿ. ಹಂಗಾಗಿ ಮೊದಲ ಸಾಲಿಗೇ ತಾರೀಕು ಬರಬೇಕು.

ಆದ್ರೆ ಅದಕ್ಕಿಂತ ಮೊದಲು ಫೋಟೊ. ಕರಪತ್ರದ ಫೋಟೊ ಹಾಕ್ಬೇಡಿ, ಸಣ್ಣ ಅಕ್ಷರ ಓದಕ್ಕಾಗಲ್ಲ ಅನ್ನೋದು ಒಂದಾದ್ರೆ, ಇಲ್ಲಿರೋರು ಅಕ್ಷರ ಓದಕ್ಕೆ ಬಂದೋರೇ ಅಲ್ಲ ಅನ್ನೋದು ಇನ್ನೊಂದು. ಹೋದ ವರ್ಷದ ಒಂದು ಒಳ್ಳೆ ಫೋಟೊ ತಗೊಳ್ಳಿ, ಹಗ್ಗಜಗ್ಗಾಟದಲ್ಲಿ ಎಲ್ಲರೂ ಒಟ್ಟಿಗೆ ಕೆಸರಿಗೆ ಬಿದ್ದಿರೋದು ಸಿಕ್ಕಿದ್ರೆ ಅದಕ್ಕಿಂತ ಬೇರೆ ಬೇಡ. ಈಗ ಇಲ್ಲೊಂದು ದೊಡ್ಡ ಗುಂಡಿ ಇದೆ. ಹಳೇ ಫೋಟೊ ಹಾಕಿ ಕೆಳಗೆ "ನಮ್ಮೂರ ಕೆಸರುಗದ್ದೆ ಕ್ರೀಡಾಕೂಟ, ಎಲ್ಲರಿಗೂ ಸ್ವಾಗತ" ಅಂತ ಬರೆದ್ರೆ ನೋಡೋರು ಓ ಮುಗೀತು ಅಂದ್ಕೊಳ್ತಾರೆ, ಲೈಕ್ ಒತ್ತಿ ಹೋಗ್ತಾರೆ. ಕಾಮೆಂಟಲ್ಲಿ "ಸೂಪರ್", "ಮಿಸ್ ಮಾಡ್ಕೊಂಡೆ" ಅಂತ ಬರಕ್ಕೆ ಶುರುವಾದ್ರೆ ನಿಮ್ಮ ಕ್ಯಾಪ್ಶನ್ ಫೇಲ್ ಆಗಿದೆ ಅಂತನೇ ಅರ್ಥ, ತಕ್ಷಣ ಮೊದಲ ಸಾಲು ಬದಲಾಯಿಸಿ. ಇನ್‌ಸ್ಟಾದಲ್ಲಿ ಕ್ಯಾಪ್ಶನ್‌ನ ಯಾವಾಗ ಬೇಕಾದ್ರೂ ಎಡಿಟ್ ಮಾಡಬಹುದು, ಅದೊಂದು ಪುಣ್ಯ.

> ಆಗಸ್ಟ್ 2, ಭಾನುವಾರ ಮತ್ತೆ ಕೆಸರಿಗೆ ಇಳಿಯೋಣ!
> ಇದು ಹೋದ ವರ್ಷದ ಹಗ್ಗಜಗ್ಗಾಟ, ಹಗ್ಗದ ಎರಡೂ ಕಡೆಯವರು ಒಟ್ಟಿಗೆ ಬಿದ್ದಿದ್ದು. ಯಾರು ಗೆದ್ದಿದ್ದು ಅಂತ ಇನ್ನೂ ಜಗಳ ಮುಗಿದಿಲ್ಲ, ಈ ಸಲ ತೀರ್ಮಾನ ಆಗ್ಬೇಕು.
>
> ಬೆಳಿಗ್ಗೆ 9ಕ್ಕೆ ಮಕ್ಕಳ ಓಟದಿಂದ ಶುರು, ಆಮೇಲೆ ನಾಟಿ ಓಟ, 1ಕ್ಕೆ ಊಟ, ಊಟ ಆದ್ಮೇಲೆ ಹಗ್ಗಜಗ್ಗಾಟ. ಆಡೋರಿಗೂ ನೋಡೋರಿಗೂ ಶುಲ್ಕ ಇಲ್ಲ.
> ಜಾಗ: ಮೂರ್ನಾಡು-ನಾಪೋಕ್ಲು ರಸ್ತೆ, ಸರ್ಕಾರಿ ಶಾಲೆ ಹಿಂದಿನ ಗದ್ದೆ.
> ತಂಡ ಕಟ್ಕೊಂಡು ಬರೋರು ಜುಲೈ 29, ಬುಧವಾರದೊಳಗೆ ಹೆಸರು ಕೊಡಿ, ಲಿಂಕ್ ಬಯೋದಲ್ಲಿ ಇದೆ.
> ಮಳೆ ಬಂದ್ರೂ ಆಟ ನಡೆಯುತ್ತೆ, ರೆಡ್ ಅಲರ್ಟ್ ಆದ್ರೆ ಮಾತ್ರ ಮುಂದಕ್ಕೆ, ಶನಿವಾರ ಸಂಜೆ 6ಕ್ಕೆ ಸ್ಟೋರಿಲಿ ಹೇಳ್ತೀವಿ.

ಲಿಂಕ್ ಬಯೋದಲ್ಲಿ ಅಂತ ಯಾಕೆ ಬರೆದ್ವಿ ಅಂದ್ರೆ ಕ್ಯಾಪ್ಶನ್ ಒಳಗೆ ಹಾಕಿದ ಲಿಂಕ್ ಒತ್ತಿದ್ರೆ ತೆರೆಯಲ್ಲ, ಬರೀ ಅಕ್ಷರ ಆಗಿ ಕೂತಿರುತ್ತೆ. ಎಕ್ಸ್ ಪೋಸ್ಟನ್ನ ಹಾಗೇ ಕಾಪಿ ಮಾಡಿ ಇಲ್ಲಿ ಹಾಕಿದವರ ಕ್ಯಾಪ್ಶನಲ್ಲಿ ಇದು ಯಾವಾಗಲೂ ಕಾಣ್ಸುತ್ತೆ. ಇನ್ನು "ಹೋದ ವರ್ಷದ" ಅನ್ನೋದನ್ನ ಎರಡನೇ ಸಾಲಲ್ಲೇ ಹೇಳಿದ್ದೀವಿ, ಅದನ್ನ ಕೆಳಗೆ ತಳ್ಳಬೇಡಿ.

ಫೋಟೊದಲ್ಲಿ ಮುಖ ಗುರುತು ಸಿಗೋ ಹಾಗಿದ್ರೆ ಅವರನ್ನ ಒಂದು ಮಾತು ಕೇಳಿ, ಮಕ್ಕಳಿದ್ರೆ ಅಪ್ಪ ಅಮ್ಮನ್ನ ಕೇಳದೆ ಹಾಕಲೇಬೇಡಿ. ಕೆಸರಲ್ಲಿ ಬಿದ್ದು ಬಟ್ಟೆ ಒದ್ದೆ ಆಗಿರೋ ಹೆಣ್ಮಕ್ಕಳ ಫೋಟೊ ಊರ ಗದ್ದೆಲಿ ನಗುವಿನ ವಿಷಯ ಆಗಿದ್ರೂ ಇನ್‌ಸ್ಟಾದಲ್ಲಿ ಹಂಗೆ ಇರಲ್ಲ, ಅಂಥದ್ದು ಎಷ್ಟು ಚೆನ್ನಾಗಿ ಬಂದಿದ್ರೂ ಬಿಡಿ. ಆಲ್ಟ್ ಟೆಕ್ಸ್ಟ್ ಅನ್ನೋ ಜಾಗದಲ್ಲಿ ಫೋಟೊದಲ್ಲಿ ಏನಿದೆ ಅಂತ ಒಂದು ಸಾಲು ಬರೀರಿ, ಕಣ್ಣು ಕಾಣದವರ ಫೋನ್ ಅದನ್ನ ಓದಿ ಹೇಳುತ್ತೆ: "ಗದ್ದೆಯ ಕೆಸರಲ್ಲಿ ಹಗ್ಗ ಹಿಡ್ಕೊಂಡು ಬಿದ್ದಿರೋ ಎಂಟು ಜನ, ಹಿಂದೆ ಕೊಡೆ ಹಿಡಿದು ನಿಂತಿರೋ ಜನ".

ಫ್ಯಾಮಿಲಿ ಗ್ರೂಪ್: ಕೆಲಸ ಜಾಸ್ತಿ ಇರೋದು ಇಲ್ಲೇ

ಗ್ರೂಪಿಗೆ ಪೋಸ್ಟರ್ ಬಿಟ್ಟು ಕೆಳಗೆ "ಎಲ್ಲರೂ ಬನ್ನಿ" ಅಂದ್ರೆ ಕೆಲಸ ಆಯ್ತು ಅಂತ ತುಂಬಾ ಜನ ಅಂದ್ಕೊಳ್ತಾರೆ, ನಂಗನಿಸೋದು ಮೂರರಲ್ಲಿ ಹೆಚ್ಚು ಯೋಚನೆ ಮಾಡ್ಬೇಕಾಗಿರೋದು ಇಲ್ಲೇ. ಅಪರಿಚಿತರಿಗೆ ಮಾಹಿತಿ ಸಾಕು. ಮನೆಯವರಿಗೆ ಕರೆಯೋದು ಬೇಕು. ಕ್ರೀಡಾಕೂಟ ಇದೆ ಅಂತ ಚಿಕ್ಕಮ್ಮನಿಗೆ ಇನ್‌ಸ್ಟಾ ನೋಡಿ ಗೊತ್ತಾದ್ರೆ ಅವರು ಅದನ್ನ ಮುಂದಿನ ಹುತ್ತರಿವರೆಗೂ ಹೇಳ್ತಾರೆ, ಅದು ತಪ್ಪೂ ಅಲ್ಲ. ಹಂಗಾಗಿ ಮೊದಲು ಗ್ರೂಪ್, ಆಮೇಲೆ ಇನ್‌ಸ್ಟಾ, ಕೊನೆಗೆ ಎಕ್ಸ್. ಇದರಲ್ಲಿ ಇನ್ನೊಂದು ಲಾಭ ಏನಂದ್ರೆ ತಪ್ಪಿದ್ರೆ ಮನೆಯವರೇ ಮೊದಲು ಹಿಡೀತಾರೆ. "ಅಲ್ಲ ಮಾರಾಯ, ಎರಡನೇ ತಾರೀಕು ಭಾನುವಾರನಾ?" ಅಂತ ದೊಡ್ಡಪ್ಪ ಕೇಳೋದು, ಎಡಿಟ್ ಮಾಡಕ್ಕೆ ಆಗದ ಎಕ್ಸಲ್ಲಿ ಯಾರೋ ಕೇಳೋದಕ್ಕಿಂತ ಎಷ್ಟೋ ವಾಸಿ.

ಮಳೆಗಾಲದಲ್ಲಿ ಇನ್ನೊಂದು ವಿಷಯ. ಕರೆಂಟ್ ಹೋಗಿ, ಟವರಿನ ಬ್ಯಾಟರಿನೂ ಇಳಿದ್ಮೇಲೆ ನೆಟ್‌ವರ್ಕ್ ಎಲ್ಲಿ ಸಿಗುತ್ತೆ, ಸಿಕ್ಕಿದ್ರೂ ಪೋಸ್ಟರ್ ಡೌನ್‌ಲೋಡ್ ಆಗದೆ ಮಂಜು ಮಂಜಾಗಿ ನಿಂತಿರುತ್ತೆ. ಅಕ್ಷರದ ಮೆಸೇಜ್ ಆದ್ರೆ ಹೇಗೋ ತಲುಪುತ್ತೆ. ಅದಕ್ಕೆ ಗ್ರೂಪಿಗೆ ಮೊದಲು ಅಕ್ಷರ, ಫೋಟೊ ಹಾಕೋದಾದ್ರೆ ಆಮೇಲೆ ಬೇರೆ ಮೆಸೇಜಾಗಿ.

ಬರೆಯೋ ಮುಂಚೆ ಗ್ರೂಪಲ್ಲಿರೋ ನಾಲ್ಕೈದು ಜನನ ಕಣ್ಮುಂದೆ ತಂದ್ಕೊಳ್ಳಿ. ಅಜ್ಜಿ ಬಂದ್ರೆ ಕೂರಕ್ಕೆ ಜಾಗ ಬೇಕು. ಬೆಂಗಳೂರಿಂದ ಬರೋ ಅತ್ತಿಗೆಗೆ ಬಟ್ಟೆ ಬದಲಾಯಿಸೋದು ಎಲ್ಲಿ ಅಂತ ಗೊತ್ತಾಗ್ಬೇಕು. ದೊಡ್ಡಪ್ಪ ಕಾರ್ ಎಲ್ಲಿ ನಿಲ್ಲಿಸೋದು ಕೇಳ್ತಾರೆ. ಅಡಿಗೆ ನೋಡ್ಕೊಳ್ಳೋ ಅಮ್ಮನಿಗೆ ಎಷ್ಟು ಜನ ಅಂತ ಲೆಕ್ಕ ಬೇಕು. ಆಗಸ್ಟ್ 3 ಸಾಮಾನ್ಯವಾಗಿ ಕಕ್ಕಡ ಹದಿನೆಂಟು, ಮದ್ದು ಸೊಪ್ಪಿನ ಪಾಯಸದ ದಿನ, ಹಂಗಾಗಿ ಭಾನುವಾರ ಬಂದೋರು ಸೋಮವಾರ ಉಳಿಯೋ ಮಾತೂ ಬರುತ್ತೆ. ಇದ್ಯಾವುದೂ ಎಕ್ಸ್‌ಗೆ ಬೇಡ, ಇಲ್ಲಿ ಇದೇ ಮುಖ್ಯ.

> ಎಲ್ಲರಿಗೂ ನಮಸ್ಕಾರ. *ಆಗಸ್ಟ್ 2, ಭಾನುವಾರ* ನಮ್ಮೂರ ಕೆಸರುಗದ್ದೆ ಆಟ, ಎಲ್ಲರೂ ಬರ್ಲೇಬೇಕು. ಮನೆಯಿಂದ ಎಷ್ಟು ಜನ ಅಂತ *ಜುಲೈ 30, ಗುರುವಾರದೊಳಗೆ* ಇಲ್ಲೇ ಹೇಳಿ, ಊಟದ ಲೆಕ್ಕ ಕೊಡ್ಬೇಕು.
>
> ಬೆಳಿಗ್ಗೆ 9ಕ್ಕೆ ಮಕ್ಕಳ ಓಟ, ಮಕ್ಕಳನ್ನ ಕರ್ಕೊಂಡು ಬರೋರು 8:30ಕ್ಕೇ ಬನ್ನಿ. ಊಟ 1ಕ್ಕೆ ಗದ್ದೆ ಹತ್ರನೇ. ಹಗ್ಗಜಗ್ಗಾಟ ಊಟ ಆದ್ಮೇಲೆ, ನಮ್ಮ ಮನೆ ತಂಡಕ್ಕೆ ಇನ್ನೂ ಇಬ್ಬರು ಬೇಕು, ಚಿಕ್ಕಪ್ಪ ನೀವು ಈ ಸಲ ತಪ್ಪಿಸ್ಕೊಳ್ಳೋ ಹಾಗಿಲ್ಲ.
>
> ಕಾರ್ ಶಾಲೆ ಮೈದಾನದಲ್ಲಿ ನಿಲ್ಲಿಸಿ, ಅಲ್ಲಿಂದ ಐದು ನಿಮಿಷ ನಡಿಗೆ. ಅಜ್ಜಿ, ದೊಡ್ಡಮ್ಮ ಬಂದ್ರೆ ಶಾಲೆ ಜಗಲಿಲಿ ಕುರ್ಚಿ ಇರುತ್ತೆ, ಗದ್ದೆ ಅಲ್ಲಿಂದಲೇ ಕಾಣುತ್ತೆ. ಇನ್ನೊಂದು ಜೊತೆ ಬಟ್ಟೆ, ಟವೆಲ್ ತನ್ನಿ, ಜಿಗಣೆ ಇರುತ್ತೆ, ಸ್ವಲ್ಪ ಉಪ್ಪೋ ಸುಣ್ಣವೋ ಇಟ್ಕೊಳ್ಳಿ. ಬಟ್ಟೆ ಬದಲಾಯಿಸಕ್ಕೆ ನಮ್ಮ ಮನೆಗೇ ಬನ್ನಿ.
>
> ಸೋಮವಾರ ಕಕ್ಕಡ ಹದಿನೆಂಟು, ರಜೆ ಸಿಕ್ಕೋರು ಉಳ್ಕೊಳ್ಳಿ, ಅಮ್ಮ ಪಾಯಸ ಮಾಡ್ತಾರೆ.
>
> ಮಳೆ ಬಂದ್ರೂ ಆಟ ಇದೆ. ರೆಡ್ ಅಲರ್ಟ್ ಆದ್ರೆ ಮಾತ್ರ ಇಲ್ಲ, *ಶನಿವಾರ ಸಂಜೆ 6ಕ್ಕೆ* ನಾನೇ ಇಲ್ಲಿ ಹಾಕ್ತೀನಿ. ಬೆಂಗಳೂರಿಂದ ಬರೋರು ಅದನ್ನ ನೋಡ್ಕೊಂಡೇ ರಾತ್ರಿ ಬಸ್ ಹತ್ತಿ.

ಕೇಳ್ಬೇಕಾಗಿರೋದನ್ನ, ಅಂದ್ರೆ ಎಷ್ಟು ಜನ ಅನ್ನೋದನ್ನ, ಮೇಲೇ ಇಟ್ಟಿದೀವಿ. ಉದ್ದ ಮೆಸೇಜನ್ನ ವಾಟ್ಸಾಪ್ ಅರ್ಧಕ್ಕೆ ಮಡಚಿ "ರೀಡ್ ಮೋರ್" ಅನ್ನುತ್ತೆ, ಕೊನೇಲಿ ಕೇಳಿದ್ರೆ ಉತ್ತರ ಬರಲ್ಲ, ಬರೀ ಹೂವು, ಕೈಮುಗಿದ ಇಮೋಜಿ ಬರುತ್ತೆ. ದಪ್ಪ ಅಕ್ಷರಕ್ಕೆ ಎರಡೂ ಕಡೆ ನಕ್ಷತ್ರ ಹಾಕೋವಾಗ ನಕ್ಷತ್ರಕ್ಕೂ ಅಕ್ಷರಕ್ಕೂ ಮಧ್ಯ ಜಾಗ ಬಿಡಬೇಡಿ, ಬಿಟ್ರೆ ದಪ್ಪ ಆಗಲ್ಲ, ನಕ್ಷತ್ರನೇ ಕಾಣುತ್ತೆ. ದಪ್ಪ ಮಾಡಿದ್ದು ಮೂರೇ ಕಡೆ, ಮೂರೂ ತಾರೀಕು ಅಥವಾ ವೇಳೆ, ಎಲ್ಲಾ ದಪ್ಪ ಮಾಡಿದ್ರೆ ಯಾವುದೂ ಕಣ್ಣಿಗೆ ಬೀಳಲ್ಲ. ಓದಕ್ಕೆ ಕಷ್ಟ ಆಗೋ ಅಜ್ಜಿಗೆ ಇದನ್ನೇ ಅರ್ಧ ನಿಮಿಷದ ವಾಯ್ಸ್ ಮೆಸೇಜ್ ಮಾಡಿ ಅವರೊಬ್ಬರಿಗೇ ಕಳ್ಸಿ, ಗ್ರೂಪಿಗೆ ಬೇಡ.

ಈ ಮೆಸೇಜ್ ಮನೆಯವರಿಗೆ ಮಾತ್ರ. ಮನೇಲಿ ಯಾರಿರ್ತಾರೆ, ಎಲ್ಲಿ ಬಟ್ಟೆ ಬದಲಾಯಿಸ್ತಾರೆ, ಇಡೀ ದಿನ ಮನೆಯವರೆಲ್ಲಾ ಗದ್ದೆಲಿ ಇರ್ತಾರೆ ಅನ್ನೋದು ಊರೆಲ್ಲ ಸುತ್ತೋದು ಒಳ್ಳೇದಲ್ಲ. ಆದ್ರೆ ಫ್ಯಾಮಿಲಿ ಗ್ರೂಪಲ್ಲಿ ಏನು ಹಾಕಿದ್ರೂ ಯಾರಾದ್ರೂ ಫಾರ್ವರ್ಡ್ ಮಾಡೇ ಮಾಡ್ತಾರೆ, ಅದನ್ನ ತಡೆಯೋದಕ್ಕಿಂತ ಫಾರ್ವರ್ಡ್ ಮಾಡಕ್ಕೇ ಅಂತ ಇನ್ನೊಂದು ಸಣ್ಣ ಮೆಸೇಜ್ ಕೆಳಗೆ ಹಾಕ್ಬಿಡಿ: "ಬೇರೆಯವರಿಗೆ ಕಳಿಸೋದಾದ್ರೆ ಕೆಳಗಿಂದು ಕಳ್ಸಿ". ಅದಕ್ಕೆ ಹೊಸದಾಗಿ ಏನೂ ಬರೆಯೋದು ಬೇಡ, ಎಕ್ಸ್‌ಗೆ ಬರೆದಿದ್ದು ಹ್ಯಾಶ್‌ಟ್ಯಾಗ್ ತೆಗೆದು ಹಾಗೇ ಹಾಕಿದ್ರೆ ಸಾಕು, ಅಪರಿಚಿತರಿಗೆ ಅಂತಲೇ ಬರೆದಿದ್ದಲ್ವಾ.

ಮುಂದೂಡಬೇಕಾಗಿ ಬಂದ್ರೆ

ಶನಿವಾರ ಮಧ್ಯಾಹ್ನ ರೆಡ್ ಅಲರ್ಟ್ ಬಂತು, ಸಂಘದವರು ಮುಂದಿನ ಭಾನುವಾರಕ್ಕೆ ಹಾಕಿದ್ರು ಅಂತಿಟ್ಕೊಳ್ಳಿ. ಮೂರೂ ಕಡೆ ಮಾಡೋ ಕೆಲಸ ಬೇರೆ.

ವಾಟ್ಸಾಪಲ್ಲಿ ಕಳಿಸಿದ ಮೆಸೇಜ್ ಎಡಿಟ್ ಮಾಡಕ್ಕೆ 15 ನಿಮಿಷ ಮಾತ್ರ ಇರೋದು, ಅದು ಎಂದೋ ಕಳೆದಿದೆ. ಎಲ್ಲರಿಗೂ ಡಿಲೀಟ್ ಮಾಡೋ ಅವಕಾಶನೂ ಸುಮಾರು ಎರಡು ದಿನ ಅಷ್ಟೇ, ಮಾಡಿದ್ರೂ ಫಾರ್ವರ್ಡ್ ಆದ ಪ್ರತಿಗಳು ಹಾಗೇ ಇರ್ತವೆ. ಅದಕ್ಕೆ ಹಳೇ ಮೆಸೇಜನ್ನ ಒತ್ತಿ ಹಿಡಿದು ಅದಕ್ಕೇ ರಿಪ್ಲೈ ಆಗಿ ಹೊಸದು ಹಾಕಿ, ಯಾವುದು ಬದಲಾಯ್ತು ಅಂತ ಗೊಂದಲ ಇರಲ್ಲ, ಆಮೇಲೆ ಅದನ್ನ ಗ್ರೂಪಲ್ಲಿ ಪಿನ್ ಮಾಡಿ. ಬಸ್ ಹತ್ತೋರಿಗೆ ಮಾತ್ರ ಮೆಸೇಜ್ ನಂಬ್ಕೊಂಡು ಕೂರಬೇಡಿ, ಫೋನೇ ಮಾಡಿ.

ಇನ್‌ಸ್ಟಾದಲ್ಲಿ ಸ್ಟೋರಿ ಹಾಕಿದ್ರೆ ಸಾಲಲ್ಲ, ಅದು 24 ಗಂಟೆಗೆ ಹೋಗುತ್ತೆ, ಹಳೇ ಪೋಸ್ಟ್ ಉಳಿಯುತ್ತೆ. ಕ್ಯಾಪ್ಶನಿನ ಮೊದಲ ಸಾಲನ್ನೇ ಬದಲಾಯಿಸಿ "ಮುಂದೂಡಿದೆ: ಹೊಸ ದಿನ ಆಗಸ್ಟ್ 9, ಭಾನುವಾರ" ಅಂತ ಮಾಡಿ, ಒಳಗೆ ಎಲ್ಲೆಲ್ಲಿ ತಾರೀಕು ಇದೆಯೋ ಅಲ್ಲೂ ತಿದ್ದಿ.

ಎಕ್ಸಲ್ಲಿ ಮಾಮೂಲಿ ಅಕೌಂಟಿಂದ ತಿದ್ದಕ್ಕಾಗಲ್ಲ. ಹಳೇದು ರೀಪೋಸ್ಟ್ ಆಗಿ ಓಡಾಡ್ತಾನೇ ಇರುತ್ತೆ, ಹಂಗಾಗಿ ಅದರ ಕೆಳಗೆ ರಿಪ್ಲೈ ಹಾಕಿ ಸುಮ್ಮನಾದ್ರೆ ತುಂಬಾ ಜನಕ್ಕೆ ಕಾಣಲ್ಲ. ಹಳೇದನ್ನ ಡಿಲೀಟ್ ಮಾಡಿ ಹೊಸದು ಹಾಕೋದೇ ವಾಸಿ, ಲೈಕ್ ಹೋದ್ರೆ ಹೋಗ್ಲಿ, ಮಳೇಲಿ ಯಾರಾದ್ರೂ ಮಡಿಕೇರಿಯಿಂದ ಬಂದು ಖಾಲಿ ಗದ್ದೆ ನೋಡಿ ವಾಪಸ್ ಹೋಗೋದು ಬೇಡ. ಹೊಸದರಲ್ಲಿ ಹಳೇ ತಾರೀಕನ್ನೂ ಹೇಳಿ, ಇಲ್ದಿದ್ರೆ ಎರಡು ಬೇರೆ ಬೇರೆ ಕಾರ್ಯಕ್ರಮ ಅಂದ್ಕೊಳ್ತಾರೆ:

> ಕೆಸರುಗದ್ದೆ ಕ್ರೀಡಾಕೂಟ ಮುಂದೂಡಿದೆ.
> ಆಗಸ್ಟ್ 2ಕ್ಕೆ ಇಲ್ಲ. ಹೊಸ ದಿನ: ಆಗಸ್ಟ್ 9, ಭಾನುವಾರ, ಬೆಳಿಗ್ಗೆ 9ಕ್ಕೆ.
> ಜಾಗ ಅದೇ: ಮೂರ್ನಾಡು-ನಾಪೋಕ್ಲು ರಸ್ತೆ, ಸರ್ಕಾರಿ ಶಾಲೆ ಹಿಂದಿನ ಗದ್ದೆ.
> ಹೆಸರು ಕೊಟ್ಟ ತಂಡಗಳು ಮತ್ತೆ ಕೊಡೋದು ಬೇಡ.